ಬಿಸಿ ದಾಲ್ ಫ್ರಿಡ್ಜ್‌ಗೆ ಇಡಬಹುದೇ?

ರಾತ್ರಿಯ ಊಟ ಮುಗಿದ ಮೇಲೆ ಅನೇಕ ಮನೆಗಳ ಅಡುಗೆಕೋಣೆಯಲ್ಲಿ ಕೇಳಿಬರುವ ಮಾತು ಇದು.

“ಹಬೆ ಬರುತ್ತಿರುವ ಪಾತ್ರೆಯನ್ನು ಫ್ರಿಡ್ಜ್‌ನಲ್ಲಿ ಇಡಬೇಡಮ್ಮಾ, ಫ್ರಿಡ್ಜ್ ಹಾಳಾಗುತ್ತದೆ. ತಣ್ಣಗಾಗಲಿ, ಆಮೇಲೆ ಇಡು.”

“ತಣ್ಣಗಾಗುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತದೆ ಮಾಮಿ. ಹೊರಗೇ ಉಳಿದುಬಿಟ್ಟರೆ ಹಳಸುವುದಿಲ್ಲವೇ?”

ಅತ್ತೆ ಹೇಳುವುದರಲ್ಲೂ ಅರ್ಥವಿದೆ, ಸೊಸೆಯ ಭಯದಲ್ಲೂ ಅರ್ಥವಿದೆ. ಇಬ್ಬರೂ ಒಪ್ಪಿಕೊಂಡು ಮಾಡುವ ಕೆಲಸದಲ್ಲಿ ಮಾತ್ರ ತಪ್ಪಿದೆ. ದಾಲ್ ತುಂಬಿದ ದೊಡ್ಡ ಪಾತ್ರೆಗೆ ಮುಚ್ಚಳ ಹಾಕಿ ಒಲೆಯ ಮೇಲೋ ಕಟ್ಟೆಯ ಮೇಲೋ ಬಿಟ್ಟು ಮಲಗಿಬಿಡುತ್ತಾರೆ. ಬೆಳಿಗ್ಗೆ ಮೂಸಿ ನೋಡುತ್ತಾರೆ. ವಾಸನೆ ಸರಿಯಾಗಿದ್ದರೆ ಬಿಸಿ ಮಾಡಿ ಬಡಿಸುತ್ತಾರೆ. ರಮಝಾನ್‌ನಲ್ಲಿ ಇಫ್ತಾರ್‌ಗೆ ಮಾಡಿದ ದಾಲ್ ಸಹರಿಯವರೆಗೂ ಹೀಗೆಯೇ ಕಟ್ಟೆಯ ಮೇಲಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮನೆಯ ಇಬ್ಬರು ಮೂವರಿಗೆ ಹೊಟ್ಟೆನೋವು, ಭೇದಿ. “ಬಿಸಿಲಿಗೆ ಹೀಗಾಯಿತು”, “ಪಿತ್ತ ಆಯಿತು” ಎಂದು ಸುಮ್ಮನಾಗುತ್ತೇವೆ. ದಾಲ್‌ನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ, ಏಕೆಂದರೆ ಅದನ್ನು ಚೆನ್ನಾಗಿ ಕುದಿಸಲಾಗಿತ್ತು.

ಆದರೆ ಕುದಿಸಿದ ಮೇಲೆ ದಾಲ್ ಎಷ್ಟು ಬೇಗ ತಣ್ಣಗಾಯಿತು ಎಂಬುದು ಅಷ್ಟೇ ಮುಖ್ಯ.

ಕುದಿಸಿದರೂ ಉಳಿಯುವವು

ಕುದಿಯುವ ನೀರಿನಲ್ಲಿ ಹೆಚ್ಚಿನ ರೋಗಾಣುಗಳು ಸಾಯುತ್ತವೆ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲಕ್ಕೆಂದು ಗಟ್ಟಿ ಕವಚದೊಳಗೆ ಅಡಗಿ ಕುಳಿತುಕೊಳ್ಳುತ್ತವೆ. ಈ ರೂಪವನ್ನು ಬೀಜಕಣ ಎನ್ನುತ್ತಾರೆ. ಒಣಗಿದ ಬೀಜ ವರ್ಷಗಟ್ಟಲೆ ಡಬ್ಬಿಯಲ್ಲಿದ್ದು, ಮಳೆ ಬಿದ್ದಾಗ ಮೊಳಕೆಯೊಡೆಯುವುದಿಲ್ಲವೇ? ಹಾಗೆಯೇ ಇವೂ. 100 ಡಿಗ್ರಿಯ ಕುದಿತವನ್ನು ಇವು ತಾಳಿಕೊಳ್ಳಬಲ್ಲವು. ಅಷ್ಟೇ ಅಲ್ಲ, ಆ ಬಿಸಿಯೇ ಅನೇಕ ಬೀಜಕಣಗಳನ್ನು ಎಬ್ಬಿಸುತ್ತದೆ. ಪಾತ್ರೆ ತಣಿಯತೊಡಗಿದಾಗ ಅವು ಒಡೆದು ಬೆಳೆಯಲು ಆರಂಭಿಸುತ್ತವೆ.

ದಾಲ್‌ನ ವಿಷಯದಲ್ಲಿ ಇಂಥ ಎರಡು ಬ್ಯಾಕ್ಟೀರಿಯಾಗಳನ್ನು ತಿಳಿದಿದ್ದರೆ ಸಾಕು. ಒಂದು ಬ್ಯಾಸಿಲಸ್ ಸೀರಿಯಸ್. ಇದು ಮಣ್ಣಿನಲ್ಲಿ, ಅಕ್ಕಿ ಬೇಳೆಗಳಲ್ಲಿ, ಮಸಾಲೆ ಪದಾರ್ಥಗಳಲ್ಲಿ ಸಹಜವಾಗಿಯೇ ಇರುತ್ತದೆ. ಇನ್ನೊಂದು ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್. ಇದಕ್ಕೆ ಮಾಂಸದ ಸಾರು, ಗ್ರೇವಿಗಳೆಂದರೆ ಬಲು ಇಷ್ಟ. ಮಟನ್ ಹಾಕಿದ ದಾಲ್ಚಾದ ದೊಡ್ಡ ಪಾತ್ರೆಯಲ್ಲಿ ಇವೆರಡಕ್ಕೂ ಆಹಾರ ಸಿಗುತ್ತದೆ.

“ನಾವು ಕುಕ್ಕರ್‌ನಲ್ಲಿ ಬೇಯಿಸುತ್ತೇವಲ್ಲ” ಎಂದು ನೀವು ಕೇಳಬಹುದು. ಕುಕ್ಕರ್‌ನೊಳಗಿನ ಬಿಸಿ 100 ಡಿಗ್ರಿಗಿಂತ ಮೇಲೇರುವುದರಿಂದ ಬೇಳೆಯಲ್ಲಿರುವ ಬೀಜಕಣಗಳಲ್ಲಿ ಹೆಚ್ಚಿನವು ಸಾಯುತ್ತವೆ ಎಂಬುದು ನಿಜ. ಆದರೆ ಕುಕ್ಕರ್ ತೆರೆದ ಮೇಲೆ ನಾವು ಏನು ಮಾಡುತ್ತೇವೆ? ಮೆಣಸಿನ ಪುಡಿ, ಜೀರಿಗೆ, ಕೊತ್ತಂಬರಿ ಪುಡಿ ಹಾಕುತ್ತೇವೆ, ಒಗ್ಗರಣೆ ಕೊಡುತ್ತೇವೆ, ಮೇಲೆ ಕೊತ್ತಂಬರಿ ಸೊಪ್ಪು ಉದುರಿಸುತ್ತೇವೆ, ಅದೇ ಸೌಟಿನಿಂದ ಪದೇ ಪದೇ ಬಡಿಸುತ್ತೇವೆ. ಮಸಾಲೆ ಮತ್ತು ಸೊಪ್ಪಿನೊಂದಿಗೆ ಹೊಸ ಬೀಜಕಣಗಳು ಪಾತ್ರೆ ಸೇರುತ್ತವೆ. ಹಾಗಾಗಿ ಕುಕ್ಕರ್ ಇದೆಯೆಂದು ದಾಲ್ ಅನ್ನು ರಾತ್ರಿಯಿಡೀ ಹೊರಗೆ ಬಿಡುವಂತಿಲ್ಲ.

ಅಪಾಯ ಇರುವುದು ಉಗುರು ಬೆಚ್ಚಗಿನ ಹೊತ್ತಿನಲ್ಲಿ

ದಾಲ್ 60 ಡಿಗ್ರಿಗಿಂತ ಬಿಸಿಯಾಗಿದ್ದರೆ ಈ ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ. 5 ಡಿಗ್ರಿಗಿಂತ ತಣ್ಣಗಿದ್ದರೂ ಅವುಗಳ ಬೆಳವಣಿಗೆ ನಿಂತಂತೆಯೇ. ಇವೆರಡರ ನಡುವಿನದೇ ಅಪಾಯದ ಅವಧಿ. ಅದರಲ್ಲೂ ಕೈಗೆ ಹಿತವಾಗಿ ಬೆಚ್ಚಗೆನಿಸುವ 40–45 ಡಿಗ್ರಿ ಇದೆಯಲ್ಲ, ಪರ್‌ಫ್ರಿಂಜೆನ್ಸ್‌ಗೆ ಅದಕ್ಕಿಂತ ಅನುಕೂಲವಾದ ಬಿಸಿ ಇನ್ನೊಂದಿಲ್ಲ. ಎಲ್ಲವೂ ಕೂಡಿಬಂದರೆ ಆ ಬಿಸಿಯಲ್ಲಿ ಅದು ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಒಂದು ಇದ್ದದ್ದು ಒಂದು ಗಂಟೆಯಲ್ಲಿ 64, ಎರಡು ಗಂಟೆಯಲ್ಲಿ 4,096, ಮೂರು ಗಂಟೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು.

ಆದ್ದರಿಂದ ಕೇಳಬೇಕಾದ ಪ್ರಶ್ನೆ “ಫ್ರಿಡ್ಜೋ, ಕಟ್ಟೆಯೋ” ಎಂಬುದಲ್ಲ. ಈ ಬೆಚ್ಚಗಿನ ಅವಧಿಯನ್ನು ದಾಲ್ ಎಷ್ಟು ಬೇಗ ದಾಟುತ್ತದೆ ಎಂಬುದು. ಅಮೆರಿಕದ ಹೋಟೆಲ್ ಅಡುಗೆಮನೆಗಳಿಗೆ ಇರುವ ನಿಯಮ ಇದನ್ನು ಎರಡು ಹಂತವಾಗಿ ಹೇಳುತ್ತದೆ: ಬೇಯಿಸಿದ ಆಹಾರ 57 ಡಿಗ್ರಿಯಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ ಇಳಿಯಬೇಕು, ಒಟ್ಟು ಆರು ಗಂಟೆಯೊಳಗೆ 5 ಡಿಗ್ರಿಗೆ ಬರಬೇಕು. ಮೊದಲ ಹಂತಕ್ಕೆ ಕಡಿಮೆ ಸಮಯ ಕೊಟ್ಟಿರುವುದು ಬ್ಯಾಕ್ಟೀರಿಯಾ ಅತಿ ವೇಗವಾಗಿ ಬೆಳೆಯುವುದು ಆಗಲೇ ಎಂಬ ಕಾರಣಕ್ಕೆ.

ನಾಲ್ಕು ಲೀಟರ್ ದಾಲ್‌ನ ಲೆಕ್ಕ

ಒಂದು ಮನೆಯ ಉದಾಹರಣೆ ತೆಗೆದುಕೊಳ್ಳೋಣ. ಹತ್ತು ಮಂದಿಯ ಮನೆ. ಸಂಜೆ ನಾಲ್ಕು ಲೀಟರ್ ದಾಲ್ ಮಾಡಿ 7 ಗಂಟೆಗೆ ಒಲೆ ಆರಿಸಿದ್ದಾರೆ. ಹೆಚ್ಚಿನವರು ಬೇರೆ ಪದಾರ್ಥ ತಿಂದದ್ದರಿಂದ ದಾಲ್ ಬಹುಪಾಲು ಹಾಗೇ ಉಳಿದಿದೆ. ಅಡುಗೆಕೋಣೆಯ ಶಾಖ 30 ಡಿಗ್ರಿ. ಕೆಳಗಿನ ಸಮಯಗಳು ಅಂದಾಜು. ಪಾತ್ರೆ ಮತ್ತು ಗಾಳಿಗೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆಯಾಗಬಹುದು.

ಮೊದಲನೆಯದು, ಮುಚ್ಚಳ ಹಾಕಿ ಕಟ್ಟೆಯ ಮೇಲೆ ಬಿಟ್ಟರೆ. ಆ ಆಳವಾದ ಪಾತ್ರೆ 60 ಡಿಗ್ರಿಗೆ ಇಳಿಯುವಾಗ ಎಂಟೂವರೆ ಗಂಟೆ ಆಗಿರುತ್ತದೆ. ಅಲ್ಲಿಂದ 35 ಡಿಗ್ರಿಗೆ ಬರಲು ಇನ್ನೂ ನಾಲ್ಕೈದು ಗಂಟೆ ಬೇಕು, ಅಂದರೆ ನಡುರಾತ್ರಿ ದಾಟುತ್ತದೆ. ತಣ್ಣಗಾದಂತೆಲ್ಲ ಪಾತ್ರೆಗೂ ಗಾಳಿಗೂ ಇರುವ ಶಾಖದ ಅಂತರ ಕಡಿಮೆಯಾಗುವುದರಿಂದ ತಣಿಯುವ ವೇಗವೂ ಇಳಿಯುತ್ತದೆ. ಆಮೇಲೆ ಎಷ್ಟೇ ಕಾದರೂ ಅದು 30 ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ, ಏಕೆಂದರೆ ಕೋಣೆಯೇ ಅಷ್ಟು ಬೆಚ್ಚಗಿದೆ. ಮಂಗಳೂರು, ರಾಯಚೂರಿನಂಥ ಊರುಗಳ ಬೇಸಿಗೆಯಲ್ಲಿ “ಕಟ್ಟೆಯ ಮೇಲೆ ತಣ್ಣಗಾಗಲಿ” ಎನ್ನುವುದಕ್ಕೆ ಅರ್ಥವೇ ಇಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಪಾತ್ರೆ ತೆರೆದಾಗ ಆ ದಾಲ್ ಸುಮಾರು ಎಂಟು ಗಂಟೆ ಅಪಾಯದ ಅವಧಿಯಲ್ಲಿ ಕಳೆದಿರುತ್ತದೆ.

ಎರಡನೆಯದು, ಹಬೆಯಾಡುವ ಅದೇ ಪಾತ್ರೆಯನ್ನು ನೇರ ಫ್ರಿಡ್ಜ್‌ಗೆ ಇಟ್ಟರೆ. ಕಟ್ಟೆಗಿಂತ ಇದು ಖಂಡಿತ ಮೇಲು, ಏಕೆಂದರೆ ಕೊನೆಗಾದರೂ ಅದು ತಣ್ಣಗಾಗುತ್ತದೆ. ಆದರೆ ಫ್ರಿಡ್ಜ್‌ನೊಳಗಿನ ಗಾಳಿ ಬಿಸಿಯನ್ನು ಬಹಳ ನಿಧಾನವಾಗಿ ಎಳೆದುಕೊಳ್ಳುತ್ತದೆ. ಗಟ್ಟಿ ದಾಲ್ ನೀರಿನಂತೆ ಒಳಗೊಳಗೇ ತಿರುಗುವುದೂ ಇಲ್ಲ. ಅಂಚು ತಣ್ಣಗಾದರೂ ನಡುಭಾಗ ಬೆಚ್ಚಗೇ ಇರುತ್ತದೆ. 60 ಡಿಗ್ರಿಯಿಂದ 21ಕ್ಕೆ ಇಳಿಯಲು ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಎರಡು ಗಂಟೆಯ ಮಿತಿ ಇಲ್ಲಿಯೂ ತಪ್ಪಿತು.

ಮೂರನೆಯದು, ದಾಲ್ ಅನ್ನು ಮೂರು ಅಗಲ ಪಾತ್ರೆಗಳಿಗೆ ಹಂಚಿ, ತಣ್ಣೀರಿನಲ್ಲಿಟ್ಟು ಕಲಕಿದರೆ. 20–30 ನಿಮಿಷದಲ್ಲಿ ಅದು 40 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಆಗ ಫ್ರಿಡ್ಜ್‌ಗೆ ಇಟ್ಟರೆ ಸುಮಾರು ಒಂದು ಗಂಟೆಯಲ್ಲಿ 21 ಡಿಗ್ರಿ ದಾಟಿ, ಮುಂದಿನ ಒಂದೆರಡು ಗಂಟೆಯಲ್ಲಿ ಚೆನ್ನಾಗಿ ತಣ್ಣಗಾಗುತ್ತದೆ. ಮೂರರಲ್ಲಿ ನಿಯಮದೊಳಗೆ ಬರುವುದು ಇದೊಂದೇ. ಅತ್ತೆ ಹೇಳಿದಂತೆ ಹಬೆಯ ಪಾತ್ರೆ ಫ್ರಿಡ್ಜ್‌ಗೆ ಹೋಗಲಿಲ್ಲ, ಸೊಸೆ ಹೆದರಿದಂತೆ ದಾಲ್ ಹೊರಗೂ ಉಳಿಯಲಿಲ್ಲ.

ಫ್ರಿಡ್ಜ್ ನಿಜವಾಗಿ ಹಾಳಾಗುತ್ತದೆಯೇ?

ಹಿಂದೆ ಪಾಶ್ಚಾತ್ಯ ದೇಶಗಳ ಮನೆಗಳಲ್ಲಿ ಕರೆಂಟಿನ ಫ್ರಿಡ್ಜ್ ಬರುವ ಮೊದಲು ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳಿದ್ದವು. ಬಿಸಿ ಪಾತ್ರೆ ಇಟ್ಟರೆ ಮಂಜುಗಡ್ಡೆ ಕರಗಿ, ಒಳಗಿದ್ದ ಎಲ್ಲವೂ ಕೆಡುತ್ತಿತ್ತು. ಈಗಿನ ಫ್ರಿಡ್ಜ್‌ನಲ್ಲಿ ಕಂಪ್ರೆಸರ್ ಇದೆ. ಒಳಗೆ ಬೆಚ್ಚಗಾದರೆ ಅದು ಹೆಚ್ಚು ಹೊತ್ತು ಓಡುತ್ತದೆ, ಅಷ್ಟೇ. ಒಂದು ದಿನ ಬಿಸಿ ದಾಲ್ ಇಟ್ಟ ಮಾತ್ರಕ್ಕೆ ಅದು ಕೆಡುವುದಿಲ್ಲ.

ಕರೆಂಟ್ ಬಿಲ್ಲಿನ ಚಿಂತೆಯೂ ದೊಡ್ಡದಲ್ಲ. ನಾಲ್ಕು ಲೀಟರ್ ದಾಲ್ ಅನ್ನು 90 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಲು ಫ್ರಿಡ್ಜ್‌ಗೆ ಬೇಕಾಗುವುದು ಅಂದಾಜು ಕಾಲು ಯೂನಿಟ್‌ಗಿಂತಲೂ ಕಡಿಮೆ. ಅದನ್ನು ಉಳಿಸಲು ಹೋಗಿ ಮನೆಮಂದಿಗೆ ಭೇದಿಯಾದರೆ ಆಸ್ಪತ್ರೆಯ ಖರ್ಚು ಎಷ್ಟೋ ಪಟ್ಟು ಹೆಚ್ಚಾಗುತ್ತದೆ.

ಆದರೂ ಹಬೆಯ ಪಾತ್ರೆಯಿಂದ ಎರಡು ತೊಂದರೆಗಳಿವೆ. ಮೊದಲನೆಯದಾಗಿ, ಸಣ್ಣ ಫ್ರಿಡ್ಜ್‌ನಲ್ಲಿ ನಾಲ್ಕು ಲೀಟರ್‌ನ ಬಿಸಿ ಪಕ್ಕದ ಹಾಲು, ಮೊಸರು, ಬೇಯಿಸಿದ ಮಾಂಸವನ್ನು ಕೆಲವು ಗಂಟೆ ಬೆಚ್ಚಗಾಗಿಸಬಹುದು. ದಾಲ್ ಉಳಿಸಲು ಹೋಗಿ ಬೇರೆಯದನ್ನು ಕೆಡಿಸಿದಂತಾಗುತ್ತದೆ. ಎರಡನೆಯದಾಗಿ, ಹಬೆ ಒಳಗೆಲ್ಲ ನೀರಾಗಿ ಇಳಿಯುತ್ತದೆ. ಹಳೆಯ ಮಾದರಿಯ ಫ್ರಿಡ್ಜ್ ಆದರೆ ಫ್ರೀಜರ್‌ನಲ್ಲಿ ಮಂಜು ಕಟ್ಟುತ್ತದೆ. ಇದಲ್ಲದೆ, ಕುದಿಯುವ ಪಾತ್ರೆಯನ್ನು ತಣ್ಣನೆಯ ಗಾಜಿನ ತಟ್ಟೆಯ ಮೇಲೆ ಇಟ್ಟರೆ ಗಾಜು ಬಿರುಕು ಬಿಡಬಹುದು.

ಈ ಕಾರಣಕ್ಕೇ ಸರಕಾರಿ ಸಂಸ್ಥೆಗಳ ಸಲಹೆಗಳೂ ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಾಣುತ್ತವೆ. ಬಿಸಿ ಆಹಾರವನ್ನು ಸಣ್ಣ ಪಾತ್ರೆಗಳಿಗೆ ಹಂಚಿ ನೇರವಾಗಿ ಫ್ರಿಡ್ಜ್‌ಗೆ ಇಡಬಹುದು ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ, ಆಹಾರವನ್ನು ಬೇಗ ತಣಿಸಿ ಒಂದೆರಡು ಗಂಟೆಯೊಳಗೆ ಫ್ರಿಡ್ಜ್‌ಗೆ ಇಡಿ ಎನ್ನುತ್ತದೆ. ಆಳವಾದ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೆಚ್ಚಗೆ ಬಿಡಬೇಡಿ ಎಂಬುದರಲ್ಲಿ ಎರಡಕ್ಕೂ ಭೇದವಿಲ್ಲ.

ಮಾಡುವ ಕ್ರಮ

ಊಟಕ್ಕೆ ಕುಳಿತುಕೊಳ್ಳುವ ಮೊದಲೇ ನಾಳೆಗೆ ಅಥವಾ ಸಹರಿಗೆ ಬೇಕಾದ ಪಾಲನ್ನು ಶುದ್ಧವಾದ ಸೌಟಿನಿಂದ ಬೇರೆ ತೆಗೆಯಿರಿ. ಎಲ್ಲರೂ ಬಡಿಸಿಕೊಂಡ ಮೇಲೆ ಉಳಿದದ್ದನ್ನು ಎತ್ತಿಡುವುದಕ್ಕಿಂತ ಇದು ಒಳ್ಳೆಯದು.

ತೆಗೆದ ಪಾಲನ್ನು ಅಗಲ ಬಾಯಿಯ ಸ್ಟೀಲ್ ಪಾತ್ರೆಗಳಿಗೆ ಸುರಿಯಿರಿ. ದಾಲ್‌ನ ಆಳ ಎರಡು ಇಂಚು ಮೀರದಿರಲಿ, ಅಂದರೆ ತೋರುಬೆರಳಿನ ಎರಡು ಗೆಣ್ಣಿನಷ್ಟು. ಪ್ಲಾಸ್ಟಿಕ್ ಡಬ್ಬಿ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಸ್ಟೀಲ್ ಬೇಗ ಬಿಟ್ಟುಕೊಡುತ್ತದೆ. ಕುಕ್ಕರ್‌ನಲ್ಲೇ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಅದರ ತಳ ದಪ್ಪ, ಮುಚ್ಚಳದ ರಬ್ಬರ್ ಹಬೆಯನ್ನು ಹೊರಬಿಡುವುದಿಲ್ಲ.

ದೊಡ್ಡ ಟಬ್‌ನಲ್ಲಿ ತಣ್ಣೀರು ತುಂಬಿ, ಪಾತ್ರೆಗಳನ್ನು ಅದರೊಳಗೆ ಇಡಿ. ಹೊರಗಿನ ನೀರು ದಾಲ್‌ನ ಮಟ್ಟಕ್ಕೆ ಬರಬೇಕು, ಆದರೆ ಒಳಗೆ ಚೆಲ್ಲಬಾರದು. ಮೂರು ನಾಲ್ಕು ನಿಮಿಷಕ್ಕೊಮ್ಮೆ ತಳದವರೆಗೂ ಕಲಕಿ. ಹೊರಗಿನ ನೀರು ಬೆಚ್ಚಗಾದಾಗ ಬದಲಾಯಿಸಿ. ಎರಡು ಸಲ ಬದಲಾಯಿಸಿದರೆ ಸಾಮಾನ್ಯವಾಗಿ ಸಾಕು. ಆ ನೀರನ್ನು ಪಾತ್ರೆ ತೊಳೆಯಲು ಬಳಸಿದರೆ ವ್ಯರ್ಥವೂ ಆಗುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕಿಯ ನೀರೇ ಬಿಸಿಯಾಗಿರುತ್ತದೆ. ಆಗ ಟಬ್‌ಗೆ ಸ್ವಲ್ಪ ಐಸ್ ಹಾಕಿ.

ಇನ್ನೊಂದು ಸುಲಭದ ದಾರಿಯಿದೆ. ಎತ್ತಿಡುವ ದಾಲ್ ಅನ್ನು ಗಟ್ಟಿಯಾಗಿಯೇ ಮಾಡಿ, ಬೇಕಾದ ಉಳಿದ ನೀರನ್ನು ಕುದಿಸಿ ಆರಿಸಿ ಫ್ರಿಡ್ಜ್‌ನಲ್ಲಿ ತಣ್ಣಗೆ ಮಾಡಿಟ್ಟುಕೊಳ್ಳಿ. ದಾಲ್ ಒಲೆಯಿಂದ ಇಳಿಸಿದ ಮೇಲೆ ಆ ತಣ್ಣೀರನ್ನು ಬೆರೆಸಿದರೆ ಬಿಸಿ ಒಂದೇ ಏಟಿಗೆ ಬಹಳಷ್ಟು ಇಳಿಯುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ಹೊರಭಾಗವನ್ನು ಅಂಗೈಯಿಂದ ಮುಟ್ಟಿ. ಕೈ ಸುಡದೆ ಹಿತವಾಗಿ ಬೆಚ್ಚಗಿದ್ದರೆ, ಕಲಕಿದಾಗ ಹಬೆ ಏಳದಿದ್ದರೆ, ಫ್ರಿಡ್ಜ್‌ಗೆ ಇಡುವ ಸಮಯ ಬಂದಿದೆ. ಪೂರ್ತಿ ತಣ್ಣಗಾಗಲಿ ಎಂದು ಕಾಯಬೇಡಿ. ಏಕೆಂದರೆ ಆ ಹಿತವಾದ ಬೆಚ್ಚಗೇ ಬ್ಯಾಕ್ಟೀರಿಯಾಕ್ಕೂ ಹಿತ.

ಫ್ರಿಡ್ಜ್‌ನಲ್ಲಿ ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸದೆ, ಸುತ್ತಲೂ ಗಾಳಿ ಆಡುವಂತೆ ಇಡಿ. ಹಾಲು ಮತ್ತು ಮಾಂಸದಿಂದ ದೂರವಿರಲಿ. ಮೊದಲ ಒಂದೆರಡು ಗಂಟೆ ಮುಚ್ಚಳ ಸ್ವಲ್ಪ ಓರೆಯಾಗಿರಲಿ, ತಣ್ಣಗಾದ ಮೇಲೆ ಸರಿಯಾಗಿ ಮುಚ್ಚಿ. ಅಂದು ತುಂಬ ಸುಸ್ತಾಗಿದೆ, ಟಬ್ಬು ನೀರು ಎಂದು ನಿಲ್ಲಲು ಆಗದು ಎನಿಸಿದರೆ, ಅಗಲ ಪಾತ್ರೆಗಳಿಗೆ ಹಂಚಿ ಮಡಚಿದ ಬಟ್ಟೆಯ ಮೇಲೆ ನೇರವಾಗಿ ಫ್ರಿಡ್ಜ್‌ನಲ್ಲಿ ಇಟ್ಟುಬಿಡಿ. ರಾತ್ರಿಯಿಡೀ ಹೊರಗಿರುವುದಕ್ಕಿಂತ ಅದು ಎಷ್ಟೋ ಸುರಕ್ಷಿತ.

ಮತ್ತೆ ಬಿಸಿ ಮಾಡಿದರೆ ಸಾಲದೇ?

ಹೆಚ್ಚಿನವರ ಧೈರ್ಯ ಇರುವುದೇ ಇಲ್ಲಿ. “ಬೆಳಿಗ್ಗೆ ಚೆನ್ನಾಗಿ ಕುದಿಸಿದರಾಯಿತು” ಎನ್ನುತ್ತಾರೆ. ಪರ್‌ಫ್ರಿಂಜೆನ್ಸ್‌ನ ಮಟ್ಟಿಗೆ ಕುದಿಸುವುದು ನಿಜಕ್ಕೂ ನೆರವಾಗುತ್ತದೆ. ಬೆಳೆದ ಬ್ಯಾಕ್ಟೀರಿಯಾ ಕುದಿತದಲ್ಲಿ ಸಾಯುತ್ತದೆ. ಆದರೆ ಅವಸರದಲ್ಲಿ ನಾವು ಕುದಿಸುವುದಿಲ್ಲ, ಬೆಚ್ಚಗೆ ಮಾಡುತ್ತೇವೆ. ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಇಳಿಸುತ್ತೇವೆ, ನಡುಭಾಗ ಇನ್ನೂ ಉಗುರು ಬೆಚ್ಚಗೇ ಇರುತ್ತದೆ.

ಬ್ಯಾಸಿಲಸ್ ಸೀರಿಯಸ್‌ನ ಕಥೆ ಬೇರೆ. ಇದರ ಕೆಲವು ತಳಿಗಳು ಆಹಾರದಲ್ಲಿ ಬೆಳೆಯುವಾಗಲೇ ವಾಂತಿ ತರಿಸುವ ಒಂದು ವಿಷವನ್ನು ಬಿಡುತ್ತವೆ. ಆ ವಿಷ ಕುದಿಸಿದರೆ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ವಿಷ ಹಾಗೇ ಉಳಿಯುತ್ತದೆ. ರಾತ್ರಿಯಿಡೀ ಹೊರಗಿದ್ದ ದಾಲ್ ಅನ್ನು ಅರ್ಧ ಗಂಟೆ ಕುದಿಸಿದರೂ ಸುರಕ್ಷಿತವಾಯಿತು ಎಂದು ಹೇಳುವಂತಿಲ್ಲ.

ವಾಸನೆಯನ್ನು ನಂಬುವುದೂ ಸರಿಯಲ್ಲ. ದಾಲ್ ಹುಳಿಯಾಗುವುದು, ನೊರೆ ಬರುವುದು, ಸೌಟಿಗೆ ಲೋಳೆಯಂತೆ ಅಂಟುವುದು ಹಳಸಿದ ಗುರುತುಗಳು. ಇವು ಕಂಡರೆ ಎಸೆಯಲೇಬೇಕು. ಆದರೆ ನಮ್ಮನ್ನು ಕಾಯಿಲೆಗೆ ದೂಡುವ ಬ್ಯಾಕ್ಟೀರಿಯಾಗಳು ಅಪಾಯಕಾರಿ ಮಟ್ಟಕ್ಕೆ ಬೆಳೆದಾಗಲೂ ಬಣ್ಣ, ರುಚಿ, ವಾಸನೆ ಬದಲಾಗದೇ ಇರಬಹುದು. ಇಲ್ಲಿ ನಂಬಬೇಕಾದದ್ದು ಗಡಿಯಾರವನ್ನು. ಒಲೆ ಆರಿಸಿ ಎರಡು ಗಂಟೆಯೊಳಗೆ ದಾಲ್ ಫ್ರಿಡ್ಜ್ ಸೇರಬೇಕು. 32 ಡಿಗ್ರಿ ಮೀರಿದ ಸೆಕೆಯಿದ್ದರೆ ಒಂದೇ ಗಂಟೆ. ಮದುವೆ ಮನೆಯಿಂದ ಬಕೆಟ್‌ನಲ್ಲಿ ಬಂದ ದಾಲ್ಚಾಗೆ ಇದನ್ನು ಮರೆಯದೆ ಅನ್ವಯಿಸಿ. ನಿಮ್ಮ ಮನೆಗೆ ತಲುಪುವ ಮೊದಲೇ ಅದು ಎಷ್ಟೋ ಗಂಟೆ ಬೆಚ್ಚಗೆ ಕುಳಿತಿರಬಹುದು. ಯಾವಾಗ ಇಳಿಸಿದ್ದು ಎಂದು ಕೇಳಿ ತಿಳಿದುಕೊಳ್ಳಿ.

ಸರಿಯಾಗಿ ತಣಿಸಿ ಎತ್ತಿಟ್ಟ ದಾಲ್ ಅನ್ನು ಎರಡು ದಿನದೊಳಗೆ ಮುಗಿಸಿ. ಬೇಕಾದಷ್ಟನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದು, ಕಲಕುತ್ತಾ ನಡುವೆಯೂ ಗುಳ್ಳೆ ಏಳುವಂತೆ ಕುದಿಸಿ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಫ್ರಿಡ್ಜ್‌ಗೆ ಇಡಬೇಡಿ. ಫ್ರಿಡ್ಜ್ ಇಲ್ಲದ ಮನೆಗಳಲ್ಲಿ ಒಂದೇ ಹೊತ್ತಿಗೆ ಆಗುವಷ್ಟು ದಾಲ್ ಮಾಡುವುದೇ ಕ್ಷೇಮ. ಸಹರಿಗೆ ಬೇಕಾದರೆ ರಾತ್ರಿ ಬೇಳೆ ತೊಳೆದು ಒಣಗಿದಂತೆ ಬಸಿದಿಡುವುದೂ ಬೇಡ. ಒಣಬೇಳೆಯನ್ನು ಅಳೆದಿಟ್ಟುಕೊಂಡು ಎದ್ದ ಕೂಡಲೇ ಕುಕ್ಕರ್‌ಗೆ ಹಾಕಿ. ಮಸೂರ್ ಬೇಳೆ ಬೇಗ ಬೇಯುತ್ತದೆ.

ಕಾಯಿಲೆಯಾದರೆ

ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಸೀರಿಯಸ್‌ನ ವಿಷ ಕಾರಣವಿರಬಹುದು. 6ರಿಂದ 24 ಗಂಟೆಯೊಳಗೆ ಹೊಟ್ಟೆ ಹಿಂಡಿದಂತಾಗಿ ನೀರಿನಂಥ ಭೇದಿಯಾದರೆ, ಜ್ವರ ಇಲ್ಲದಿದ್ದರೆ, ಪರ್‌ಫ್ರಿಂಜೆನ್ಸ್ ಇರಬಹುದು. ಆರೋಗ್ಯವಂತರಲ್ಲಿ ಎರಡೂ ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತವೆ. ಮಕ್ಕಳು, ವೃದ್ಧರು, ಗರ್ಭಿಣಿಯರಲ್ಲಿ ಮಾತ್ರ ದೇಹದ ನೀರು ಬೇಗ ಬತ್ತುತ್ತದೆ. ಓಆರ್‌ಎಸ್ ಪುಡಿಯನ್ನು ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕೊಡಿ. ಮೂತ್ರ ಬರುವುದು ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ, ಜ್ವರ ಬಂದರೆ ಕಾಯದೆ ವೈದ್ಯರ ಬಳಿ ಹೋಗಿ. ಉಪವಾಸದಲ್ಲಿರುವಾಗ ಹೀಗಾದರೂ ನೀರು ಕೊಡುವುದನ್ನು ಮುಂದೂಡಬಾರದು. ಕಾಯಿಲೆ ಬಿದ್ದವರಿಗೆ ಉಪವಾಸ ಬಿಟ್ಟು ನಂತರ ಪೂರ್ತಿ ಮಾಡುವ ಅವಕಾಶ ಇದ್ದೇ ಇದೆ.

ಇಂದು ರಾತ್ರಿ ಊಟಕ್ಕೆ ಮೊದಲು ಒಂದು ಟಬ್‌ನಲ್ಲಿ ನೀರು ತುಂಬಿಡಿ. ಊಟ ಮುಗಿಯುವಷ್ಟರಲ್ಲಿ ದಾಲ್ ಫ್ರಿಡ್ಜ್‌ಗೆ ಇಡುವಂತಾಗಿರುತ್ತದೆ. ಅತ್ತೆ ಸೊಸೆಯರ ವಾದವೂ ಅಲ್ಲಿಗೆ ಮುಗಿಯುತ್ತದೆ.